ಅಮ್ಮಿಯ ಮಲಗಿದ ಖಾತೆ ಮತ್ತು ಎರಡು ಪತ್ರಗಳು

ನಮ್ಮ ಅಮ್ಮಿ ಮನೆಯಲ್ಲೇ ಹೊಲಿಗೆ ಮಾಡುತ್ತಾರೆ. ದಾವಣಗೆರೆಯ ಒಂದು ಬಟ್ಟೆ ಅಂಗಡಿಯವರು ಬ್ಲೌಸ್ ಮತ್ತು ಬುರ್ಖಾ ಹೊಲಿಯಲು ಕೊಡುತ್ತಾರೆ, ವಾರಕ್ಕೊಮ್ಮೆ ಕೂಲಿ ನಗದಾಗಿ ಸಿಗುತ್ತಿತ್ತು. 2025ರ ಮೇ ತಿಂಗಳಲ್ಲಿ ಅಂಗಡಿಯವರು ಇನ್ನು ಮುಂದೆ ಎಲ್ಲರಿಗೂ ಖಾತೆಗೇ ಹಾಕುತ್ತೇವೆ ಎಂದರು. ಒಂದು ವಾರ ಪಕ್ಕದ ಮನೆಯವರ ನಂಬರಿಗೆ ಹಾಕಿಸಿಕೊಂಡೆವು. ಅಮ್ಮಿಗೆ ಅದು ಸರಿಬರಲಿಲ್ಲ. ತಾವು ದುಡಿದ ದುಡ್ಡಿಗಾಗಿ ಇನ್ನೊಬ್ಬರ ಬಾಗಿಲಲ್ಲಿ ನಿಂತು ಕೇಳಬೇಕಲ್ಲ ಎಂಬುದು ಅವರ ಬೇಸರ. ಹಾಗಾಗಿ ಟ್ರಂಕಿನಿಂದ ಅವರ ಹಳೆಯ ಪಾಸ್‌ಬುಕ್ ಹೊರಬಂತು. 2013ರಲ್ಲಿ ಹರಿಹರದಲ್ಲಿ, ನಾನಿಯ ಮನೆಯಲ್ಲಿದ್ದಾಗ ತೆರೆದ ಉಳಿತಾಯ ಖಾತೆ.

ಫೋನಿನ ಯುಪಿಐ ಆ್ಯಪ್‌ನಲ್ಲಿ ಬ್ಯಾಂಕಿನ ಹೆಸರು ಒತ್ತಿದರೆ ಈ ಮೊಬೈಲ್ ಸಂಖ್ಯೆಗೆ ಯಾವ ಖಾತೆಯೂ ಇಲ್ಲ ಎಂದು ಬಂತು. ಅಮ್ಮಿ ಮೊದಲು ಕೇಳಿದ್ದು "ಪೈಸೇ ತೋ ಹೈ ನಾ?" ಎಂದು. ದುಡ್ಡು ಇತ್ತು. ಆದರೆ ಅದನ್ನು ತಲುಪುವ ದಾರಿ ಒಂದಲ್ಲ, ಮೂರು ಕಡೆ ಮುಚ್ಚಿತ್ತು.

ಈ ಮೂರನ್ನೂ ಜನ ಒಂದೇ ಮಾತಿನಲ್ಲಿ "ಖಾತೆ ಬ್ಲಾಕ್ ಆಗಿದೆ" ಎನ್ನುತ್ತಾರೆ, ಗೊಂದಲ ಶುರುವಾಗುವುದು ಅಲ್ಲೇ. ಮೊದಲನೆಯದು ಮೊಬೈಲ್ ಸಂಖ್ಯೆ. ಖಾತೆಯಲ್ಲಿ ದಾಖಲಾದ ಸಂಖ್ಯೆ ಬೇರೆ, ಈಗಿನ ಸಿಮ್ ಬೇರೆ ಆಗಿದ್ದರೆ ಆ್ಯಪ್‌ಗೆ ಖಾತೆ ಕಾಣುವುದೇ ಇಲ್ಲ. ನಮಗೆ ಬಂದ ಸಂದೇಶ ಇದರದ್ದು. ಎರಡನೆಯದು ಕೆವೈಸಿ, ಅಂದರೆ ಬ್ಯಾಂಕಿನಲ್ಲಿರುವ ನಿಮ್ಮ ಗುರುತು ಮತ್ತು ವಿಳಾಸದ ದಾಖಲೆ ಹಳತಾಗಿರುವುದು. ಮೂರನೆಯದು ಖಾತೆಯೇ ನಿಷ್ಕ್ರಿಯ ಆಗಿರುವುದು. ಬ್ಯಾಂಕಿನವರು ಇದಕ್ಕೆ ಇನ್‌ಆಪರೇಟಿವ್ ಎನ್ನುತ್ತಾರೆ, ಹಳಬರು ಡಾರ್ಮೆಂಟ್ ಎನ್ನುತ್ತಾರೆ. ಮೊದಲನೆಯದು ಮಾತ್ರ ಇದ್ದರೆ ನಂಬರ್ ಬದಲಾಯಿಸುವ ಫಾರಂ ಒಂದೇ ಸಾಕು. ಮೂರನೆಯದು ಇದ್ದರೆ ಆ ಫಾರಂ ಕೊಟ್ಟು ಪ್ರಯೋಜನವಿಲ್ಲ, ಮೊದಲು ಖಾತೆ ಏಳಬೇಕು. ಯಾವುದು ಎಂದು ತಿಳಿಯಲು ಪಾಸ್‌ಬುಕ್ ಹಿಡಿದು ಕೌಂಟರಿನಲ್ಲಿ "ಖಾತೆಯ ಸ್ಟೇಟಸ್ ಏನಿದೆ ನೋಡಿ ಹೇಳಿ" ಎಂದು ಕೇಳಿದರೆ ಸಾಕು, ಅವರ ಪರದೆಯ ಮೇಲೆ ಅದು ಕಾಣುತ್ತದೆ.

ಖಾತೆ ಏಕೆ ಮಲಗುತ್ತದೆ? ರಿಸರ್ವ್ ಬ್ಯಾಂಕಿನ ಸೂಚನೆಯ ಪ್ರಕಾರ, ಉಳಿತಾಯ ಅಥವಾ ಚಾಲ್ತಿ ಖಾತೆಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಗ್ರಾಹಕರ ಕಡೆಯಿಂದ ಯಾವ ವ್ಯವಹಾರವೂ ನಡೆಯದಿದ್ದರೆ ಅದು ನಿಷ್ಕ್ರಿಯ. "ಗ್ರಾಹಕರ ಕಡೆಯಿಂದ" ಎಂಬ ಮಾತನ್ನು ಗಮನಿಸಿ. ಅಮ್ಮಿ ಕೊನೆಯದಾಗಿ 2021ರ ಏಪ್ರಿಲ್‌ನಲ್ಲಿ 500 ರೂಪಾಯಿ ತೆಗೆದಿದ್ದರು, ಆಗ ಉಳಿದದ್ದು 3,400. ನಾನು ಪಾಸ್‌ಬುಕ್ ಎಂಟ್ರಿ ಹಾಕಿಸಿದಾಗ ಅದರ ನಂತರವೂ ಮೂರು ತಿಂಗಳಿಗೊಮ್ಮೆ ಇಪ್ಪತ್ತೈದು, ಇಪ್ಪತ್ತಾರು ರೂಪಾಯಿ ಜಮೆ ಆಗುತ್ತಾ ಬಂದಿತ್ತು. ಅದನ್ನು ನೋಡಿ ಖಾತೆ ಓಡುತ್ತಲೇ ಇದೆಯಲ್ಲ ಎಂದು ವಾದಿಸಿದೆ. ನಾನು ತಪ್ಪು. ಅದು ಬ್ಯಾಂಕ್ ತಾನೇ ಹಾಕುವ ಬಡ್ಡಿ. ಬ್ಯಾಂಕ್ ಹಾಕುವ ಬಡ್ಡಿಯೂ ಬ್ಯಾಂಕ್ ಮುರಿಯುವ ಶುಲ್ಕವೂ ಈ ಲೆಕ್ಕಕ್ಕೆ ಸೇರುವುದಿಲ್ಲ. ನೀವು ಕಟ್ಟಿದ್ದು, ತೆಗೆದದ್ದು, ಕಳಿಸಿದ್ದು, ಕೆವೈಸಿ ಹೊಸದು ಮಾಡಿಸಿದ್ದು ಇಂಥವು ಮಾತ್ರ ಸೇರುತ್ತವೆ. ಹಾಗೆ ನೋಡಿದರೆ ಅಮ್ಮಿಯ ಖಾತೆ 2023ರ ಏಪ್ರಿಲ್‌ನಲ್ಲೇ ಮಲಗಿತ್ತು. ಬಡ್ಡಿ ಮಾತ್ರ ನಿಂತಿರಲಿಲ್ಲ. ಖಾತೆ ನಿಷ್ಕ್ರಿಯವಾದರೂ ಉಳಿತಾಯದ ಬಡ್ಡಿ ಹಾಕುತ್ತಲೇ ಇರಬೇಕು ಎಂಬುದು ನಿಯಮ. ಶೇಕಡಾ 3ರ ಲೆಕ್ಕದಲ್ಲಿ ಹದಿನಾರು ತ್ರೈಮಾಸಿಕಕ್ಕೆ 3,400 ಸುಮಾರು 3,830 ಆಗುತ್ತದೆ. ನಮ್ಮ ಪಾಸ್‌ಬುಕ್‌ನಲ್ಲೂ ಹತ್ತಿರ ಹತ್ತಿರ ಅಷ್ಟೇ ಇತ್ತು.

ಮಲಗಿಸುವುದು ಶಿಕ್ಷೆಯಲ್ಲ. ವರ್ಷಗಟ್ಟಲೆ ಯಾರೂ ಮುಟ್ಟದ ಖಾತೆಯಿಂದ ದುಡ್ಡು ಹೋದರೆ ಯಾರಿಗೂ ತಕ್ಷಣ ಗೊತ್ತಾಗುವುದಿಲ್ಲ. ಮೋಸಕ್ಕೆ ಅಂಥ ಖಾತೆಗಳೇ ಸುಲಭ. ಅದಕ್ಕೇ ಗ್ರಾಹಕರೇ ಬಂದು ಎಬ್ಬಿಸುವ ತನಕ ಅದರಿಂದ ದುಡ್ಡು ಹೊರಗೆ ಹೋಗದಂತೆ ತಡೆಯುತ್ತಾರೆ. ಈ ಕಾರಣ ಅರ್ಥವಾದ ಮೇಲೆ ಪತ್ರದಲ್ಲಿ ಏನು ಬರೆಯಬೇಕು ಎಂಬುದೂ ಅರ್ಥವಾಗುತ್ತದೆ. ಬ್ಯಾಂಕಿಗೆ ತಿಳಿಯಬೇಕಾದದ್ದು ನಮ್ಮ ಕಷ್ಟವಲ್ಲ. ಕೇಳುತ್ತಿರುವವರು ಖಾತೆಯ ಒಡೆಯರೇ ಹೌದೋ ಅಲ್ಲವೋ ಎಂಬುದು.

ನನಗಿದು ಮೊದಲೇ ಗೊತ್ತಿರಲಿಲ್ಲ. ಮೇ 28ರಂದು ದಾವಣಗೆರೆಯಲ್ಲಿ ಅದೇ ಬ್ಯಾಂಕಿನ ಶಾಖೆಗೆ ಹೋದೆವು. "ಖಾತೆ ಹರಿಹರದ್ದು, ಅಲ್ಲಿಗೇ ಹೋಗ್ರಿ ಅಮ್ಮಾ" ಎಂದರು. ನಿಜವಾಗಿ ಹೋಗಬೇಕಿರಲಿಲ್ಲ. 2024ರ ಜನವರಿ 1ರಂದು ರಿಸರ್ವ್ ಬ್ಯಾಂಕ್ ಹೊರಡಿಸಿ, ಏಪ್ರಿಲ್ 1ರಿಂದ ಜಾರಿಗೆ ಬಂದ ಸೂಚನೆಯಲ್ಲಿ ನಿಷ್ಕ್ರಿಯ ಖಾತೆಗೆ ಬೇಕಾದ ಕೆವೈಸಿಯನ್ನು ಯಾವ ಶಾಖೆಯಲ್ಲಾದರೂ ಮಾಡಿಕೊಡಬೇಕು ಎಂದಿದೆ. ಅದು ನನಗೆ ತಿಳಿದದ್ದು ಕೆಲಸ ಮುಗಿದ ಮೇಲೆ. ನೀವು ಹೋಗುವಾಗ ಇದು ನೆನಪಿರಲಿ, ಮೆತ್ತಗೆ ಹೇಳಿ ನೋಡಿ. ನಮಗಂತೂ ನಾನಿಯನ್ನು ನೋಡಿದ ಹಾಗೂ ಆಯಿತು ಎಂದು ಮರುದಿನ ಬಸ್ ಹತ್ತಿದೆವು.

ಮೊದಲ ಪತ್ರವನ್ನು ನಾನು ಹಿಂದಿನ ರಾತ್ರಿ ಬರೆದಿದ್ದೆ. ಕನ್ನಡ ಪರೀಕ್ಷೆಯಲ್ಲಿ ಪತ್ರಲೇಖನಕ್ಕೆ ಒಳ್ಳೆಯ ಅಂಕ ಬರುತ್ತಿತ್ತು ಎಂಬ ಧೈರ್ಯ. ನಾವು ಬಡವರು, ತಾಯಿ ಹೊಲಿಗೆ ಮಾಡಿ ಸಂಸಾರ ತೂಗಿಸುತ್ತಾರೆ, ತಾವು ದಯಮಾಡಿ ಖಾತೆ ತೆರೆದು ಆನ್‌ಲೈನ್ ಬ್ಯಾಂಕಿಂಗ್ ಕೊಡಬೇಕು ಎಂದು ಒಂದೂವರೆ ಪುಟ. ಖಾತೆ ಸಂಖ್ಯೆ ಕೊನೆಯ ಸಾಲಿನಲ್ಲಿತ್ತು. ಅಮ್ಮಿ ಕೆಳಗೆ ಕನ್ನಡದಲ್ಲಿ ಸಹಿ ಹಾಕಿದ್ದರು. ಜೊತೆಗೆ ಆಧಾರ್ ಜೆರಾಕ್ಸ್ ಒಂದೇ.

ಕೌಂಟರಿನಲ್ಲಿದ್ದ ಮೇಡಂ ಪತ್ರ ಓದಲಿಲ್ಲ, ಖಾತೆ ಸಂಖ್ಯೆ ಹುಡುಕಿ ಕಂಪ್ಯೂಟರಿಗೆ ಹಾಕಿದರು. ಪರದೆಯ ಮೇಲೆ ಹಳೆಯ ಸಹಿಯ ಚಿತ್ರ ಬಂತು. ಒಮ್ಮೆ ಅದನ್ನು, ಒಮ್ಮೆ ನಮ್ಮ ಕಾಗದವನ್ನು ನೋಡಿ "ಸಹಿ ತಾಳೆ ಆಗ್ತಿಲ್ಲಮ್ಮ, ಇದು ಉರ್ದುದಾಗ ಐತಿ" ಎಂದರು. ಅಮ್ಮಿ ಓದಿದ್ದು ಉರ್ದು ಶಾಲೆಯಲ್ಲಿ, ಖಾತೆ ತೆರೆಯುವಾಗ ಉರ್ದುವಿನಲ್ಲೇ ಸಹಿ ಮಾಡಿದ್ದರು. ಕನ್ನಡ ಸಹಿ ಆಮೇಲೆ ಬಂದದ್ದು. ನಾನು ಒಂದನೇ ತರಗತಿಗೆ ಸೇರಿದಾಗ ನನ್ನ ಪ್ರಗತಿಪತ್ರಕ್ಕೆ ಹಾಕಲೆಂದು ನನ್ನ ಸ್ಲೇಟಿನ ಮೇಲೇ ಬರೆದು ಕಲಿತದ್ದು. ಈಗ ಹತ್ತು ವರ್ಷದಿಂದ ಅದೇ ಅಭ್ಯಾಸ.

ಹೆಸರೂ ಒಂದೇ ಆಗಿರಲಿಲ್ಲ. ಪಾಸ್‌ಬುಕ್‌ನಲ್ಲಿ ಹೆಸರಿನ ಮುಂದೆ "ಬಿ" ಇತ್ತು, ಆಧಾರ್‌ನಲ್ಲಿ "ಬಾನು". ನಮ್ಮ ಮನೆಗಳಲ್ಲಿ ಇದು ಎಷ್ಟು ಸಾಮಾನ್ಯ ಎಂದು ನಿಮಗೇ ಗೊತ್ತು. ಬಿ, ಬೀ, ಬೀಬಿ, ಬೇಗಂ, ಬಾನು ಎಲ್ಲ ಮನೆಯವರ ಕಿವಿಗೆ ಒಂದೇ. ಅದೂ ಅಲ್ಲದೆ ಉರ್ದು ಹೆಸರನ್ನು ಒಬ್ಬ ಗುಮಾಸ್ತರು ಕನ್ನಡದಿಂದ ಇಂಗ್ಲಿಷಿಗೆ ಬರೆಯುತ್ತಾರೆ, ಇನ್ನೊಬ್ಬರು ಕೇಳಿದ ಹಾಗೆ ಬರೆಯುತ್ತಾರೆ. ಬಾನು ಎಂಬುದಕ್ಕೆ ಒಂದು ಕಾರ್ಡಿನಲ್ಲಿ ಕೊನೆಗೆ ಯು, ಇನ್ನೊಂದರಲ್ಲಿ ಎರಡು ಓ. ಒಂದೆರಡು ಅಕ್ಷರದ ವ್ಯತ್ಯಾಸವನ್ನು ಹಲವು ಶಾಖೆಗಳಲ್ಲಿ ಅರ್ಜಿಯಲ್ಲೇ ಬರೆಸಿಕೊಂಡು ಒಪ್ಪುತ್ತಾರೆ. ಬಿ ಮತ್ತು ಬಾನು ಬೇರೆ ಬೇರೆ ಶಬ್ದ, ಒಬ್ಬರೇ ಎಂಬುದಕ್ಕೆ ಆಧಾರ ಬೇಕು ಎಂದರು.

ನಾವು ನಿಕಾಹ್‌ನಾಮಾ ತೋರಿಸಿದೆವು, ಅದರಲ್ಲಿ ಹಳೆಯ ಹೆಸರೂ ಅಬ್ಬುವಿನ ಹೆಸರೂ ಇದೆ. ಅದು ಸಾಲಲಿಲ್ಲ. ಕೆವೈಸಿ ನಿಯಮದಲ್ಲಿ ಹೆಸರು ಬದಲಾಗಿದ್ದರೆ ರಾಜ್ಯ ಸರ್ಕಾರ ಕೊಟ್ಟ ಮದುವೆ ಪ್ರಮಾಣಪತ್ರ ಅಥವಾ ಗೆಜೆಟ್ ಪ್ರಕಟಣೆ ಎಂದಿದೆ. ಕರ್ನಾಟಕದಲ್ಲಿ ವಕ್ಫ್ ಮಂಡಳಿಯ ಕಚೇರಿಗಳು ಮದುವೆ ಪ್ರಮಾಣಪತ್ರ ಕೊಡಬಹುದು ಎಂದು 2023ರಲ್ಲಿ ಸರ್ಕಾರ ಆದೇಶ ಮಾಡಿತ್ತು, 2024ರ ನವೆಂಬರ್‌ನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಹೀಗಾಗಿ ಆ ಕಾಗದವನ್ನು ನಂಬಿಕೊಂಡು ಬ್ಯಾಂಕಿಗೆ ಹೋಗುವುದು ಕಷ್ಟ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದ ಪ್ರಮಾಣಪತ್ರ ಇದ್ದರೆ ಒಳ್ಳೆಯದು. ಅಮ್ಮಿಯ ಬಳಿ ಅದೂ ಇರಲಿಲ್ಲ, ಮತ್ತು ಅವರ ಹೆಸರು ಬದಲಾದದ್ದು ಮದುವೆಯಿಂದಲ್ಲ, ಆಧಾರ್ ಕೇಂದ್ರದವರ ಕೈಯಿಂದ. ನಮ್ಮ ಶಾಖೆಯವರು ಕೇಳಿದ್ದು ನೋಟರಿ ಮುಂದೆ ಮಾಡಿದ ಪ್ರಮಾಣಪತ್ರ, ಅಂದರೆ ಈ ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್. ಜೊತೆಗೆ ಹಳೆಯ ಹೆಸರಿರುವ ಯಾವುದಾದರೂ ಸರ್ಕಾರಿ ಗುರುತು. ಪುಣ್ಯಕ್ಕೆ ನಾನಿಯ ಮನೆಯಲ್ಲಿ ಅಮ್ಮಿಯ ಹಳೆಯ ಮತದಾರರ ಚೀಟಿ ಸಿಕ್ಕಿತು. ಅದರಲ್ಲಿ "ಬಿ" ಇದೆ, ತಂದೆಯ ಹೆಸರಿದೆ, ಫೋಟೊ ಇದೆ.

ಇತರ ಕಾಗದಗಳು ಸುಲಭ. ಪ್ಯಾನ್ ಇಲ್ಲದ ಕಾರಣ ಫಾರಂ 60 ತುಂಬಿದೆವು. ಎರಡು ಫೋಟೊ ಬೇಕಾಯಿತು. ಆಧಾರ್‌ನಲ್ಲಿ ವಿಳಾಸ ಇನ್ನೂ ಹರಿಹರದ್ದೇ ಇತ್ತು. ಶಾಖೆಯಲ್ಲಿ ಬೆರಳಚ್ಚು ಕೊಟ್ಟು ಆಧಾರ್ ಮೂಲಕ ಕೆವೈಸಿ ಮಾಡಿಸಿದರೆ, ಈಗಿನ ವಿಳಾಸ ಬೇರೆ ಇದೆ ಎಂದು ನಾವೇ ಬರೆದುಕೊಟ್ಟರೆ ಸಾಕು. ಬೆರಳಚ್ಚು ಬೇಡ, ಜೆರಾಕ್ಸ್ ಕೊಡುತ್ತೇವೆ ಎಂದರೆ ಈಗಿನ ವಿಳಾಸಕ್ಕೆ ಎರಡು ತಿಂಗಳೊಳಗಿನ ಕರೆಂಟ್ ಬಿಲ್ಲಿನಂಥದ್ದು ಬೇಕು, ಮೂರು ತಿಂಗಳೊಳಗೆ ಹೊಸ ವಿಳಾಸದ ಗುರುತಿನ ಚೀಟಿಯನ್ನೂ ತಂದು ಕೊಡಬೇಕು. ಬಾಡಿಗೆ ಮನೆಯಲ್ಲಿ ಕರೆಂಟ್ ಬಿಲ್ ಮಾಲೀಕರ ಹೆಸರಿನಲ್ಲಿರುತ್ತದೆ. ಅದಕ್ಕೇ ನಾವು ಬೆರಳಚ್ಚಿನ ದಾರಿ ಹಿಡಿದೆವು.

ಒಂದು ವಾರ ಬಿಟ್ಟು ಎರಡನೆಯ ಪತ್ರ ಬರೆದೆ. ಅದನ್ನು ಇಲ್ಲಿ ಹಾಗೇ ಕೊಡುತ್ತಿದ್ದೇನೆ. ಹೆಸರು ಮಾತ್ರ ಬದಲಿಸಿದ್ದೇನೆ, ಸಂಖ್ಯೆಗಳನ್ನು ತೆಗೆದಿದ್ದೇನೆ.

ಇಂದ,
ಶಾಹೀನಾ ಬಾನು
(ಖಾತೆಯಲ್ಲಿರುವಂತೆ: ಶಾಹೀನಾ ಬಿ)
ಈಗಿನ ವಿಳಾಸ: ………, ದಾವಣಗೆರೆ
ಮೊಬೈಲ್: ………

ಇವರಿಗೆ,
ಶಾಖಾ ವ್ಯವಸ್ಥಾಪಕರು
……… ಬ್ಯಾಂಕ್, ಹರಿಹರ ಶಾಖೆ

ದಿನಾಂಕ: 5-6-2025

ವಿಷಯ: ನಿಷ್ಕ್ರಿಯವಾಗಿರುವ ಉಳಿತಾಯ ಖಾತೆ ಸಂಖ್ಯೆ ……… ಅನ್ನು ಮತ್ತೆ ಚಾಲನೆಗೆ ತರುವ ಬಗ್ಗೆ.

ಮಾನ್ಯರೇ,

ಮೇಲಿನ ಉಳಿತಾಯ ಖಾತೆ ನನ್ನದು. ಇದನ್ನು 2013ರಲ್ಲಿ ತಮ್ಮ ಶಾಖೆಯಲ್ಲಿ ತೆರೆದಿದ್ದೇನೆ. ನಾನು ಕೊನೆಯದಾಗಿ ವ್ಯವಹಾರ ಮಾಡಿದ್ದು ಏಪ್ರಿಲ್ 2021ರಲ್ಲಿ. ದಾವಣಗೆರೆಯಲ್ಲಿ ನೆಲೆಸಿದ ಮೇಲೆ ಖಾತೆಯನ್ನು ಬಳಸಿಲ್ಲ. ಈಗ ನನ್ನ ಹೊಲಿಗೆ ಕೂಲಿಯನ್ನು ಈ ಖಾತೆಗೆ ಪಡೆಯಬೇಕಾಗಿದೆ. ಆದ್ದರಿಂದ ಖಾತೆಯನ್ನು ಚಾಲನೆಗೆ ತರಬೇಕೆಂದು ಕೋರುತ್ತೇನೆ.

ಖಾತೆಯಲ್ಲಿ ನನ್ನ ಹೆಸರು ಶಾಹೀನಾ ಬಿ ಎಂದೂ ಆಧಾರ್‌ನಲ್ಲಿ ಶಾಹೀನಾ ಬಾನು ಎಂದೂ ಇದೆ. ಇಬ್ಬರೂ ನಾನೇ. ಇದಕ್ಕೆ ಪ್ರಮಾಣಪತ್ರ ಮತ್ತು ಹಳೆಯ ಹೆಸರಿನ ಮತದಾರರ ಗುರುತಿನ ಚೀಟಿ ಲಗತ್ತಿಸಿದ್ದೇನೆ. ಖಾತೆಯಲ್ಲಿ ಹೆಸರನ್ನು ಆಧಾರ್‌ನಲ್ಲಿರುವಂತೆ ತಿದ್ದಬೇಕು.

ಖಾತೆ ತೆರೆದಾಗ ಉರ್ದುವಿನಲ್ಲಿ ಸಹಿ ಮಾಡಿದ್ದೇನೆ. ಕೆಳಗೆ ಅದೇ ಸಹಿಯನ್ನು ಮಾಡಿದ್ದೇನೆ. ಇನ್ನು ಮುಂದೆ ನನ್ನ ಕನ್ನಡ ಸಹಿಯನ್ನು ಮಾದರಿಯಾಗಿ ದಾಖಲಿಸಿಕೊಳ್ಳಬೇಕು.

ಖಾತೆಯಲ್ಲಿ ದಾಖಲಾಗಿರುವ ಹಳೆಯ ಮೊಬೈಲ್ ಸಂಖ್ಯೆ ಈಗ ನನ್ನ ಬಳಿ ಇಲ್ಲ. ಅದನ್ನು ತೆಗೆದು ಮೇಲಿನ ಸಂಖ್ಯೆಯನ್ನು ಸೇರಿಸಬೇಕು. ಖಾತೆ ಚಾಲನೆಗೆ ಬಂದ ನಂತರ ಡೆಬಿಟ್ ಕಾರ್ಡ್ ಮತ್ತು ಮೊಬೈಲ್ ಬ್ಯಾಂಕಿಂಗ್ ಸೌಲಭ್ಯ ಕೊಡಬೇಕು.

ಈ ಅರ್ಜಿ ಸ್ವೀಕರಿಸಿದ್ದಕ್ಕೆ ನಕಲಿನ ಮೇಲೆ ಮೊಹರು ಮತ್ತು ದಿನಾಂಕ ಹಾಕಿಕೊಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
(ಉರ್ದು ಸಹಿ) (ಕನ್ನಡ ಸಹಿ)

ಲಗತ್ತು: ಪಾಸ್‌ಬುಕ್ ಮೊದಲ ಪುಟ ಮತ್ತು ಕೊನೆಯ ಎಂಟ್ರಿ, ಆಧಾರ್, ಮತದಾರರ ಚೀಟಿ, ಪ್ರಮಾಣಪತ್ರ, ಫಾರಂ 60, ಫೋಟೊ 2.

ಇದರಲ್ಲಿ ದಯೆ, ಕೃಪೆ ಯಾವುದೂ ಇಲ್ಲ. ಅಬ್ಬು ಓದಿ "ಸ್ವಲ್ಪ ಒರಟಾಯ್ತು" ಎಂದರು. ಆದರೆ ಮೇಡಂ ಈ ಸಲ ಪೂರ್ತಿ ಓದಿದರು. ಕೊನೆಯ ವ್ಯವಹಾರದ ತಿಂಗಳು ಮತ್ತು ಖಾತೆ ತೆರೆದ ವರ್ಷ ಬರೆದದ್ದು ಸುಮ್ಮನೆ ಅಲ್ಲ. ಅದು ಒಡೆಯರಿಗೆ ಮಾತ್ರ ಸುಲಭವಾಗಿ ತಿಳಿದಿರುವ ಸಂಗತಿ, ಪರದೆಯ ಮೇಲಿನ ದಾಖಲೆಯೊಂದಿಗೆ ತಕ್ಷಣ ಹೊಂದಿಸಿ ನೋಡಬಹುದು. ಹೊಲಿಗೆ ಕೂಲಿ ಎಂದು ಬರೆದದ್ದೂ ಹಾಗೇ. ಬಹುಕಾಲ ಮಲಗಿದ್ದ ಖಾತೆಗೆ ಇದ್ದಕ್ಕಿದ್ದಂತೆ ವಾರವಾರ ದುಡ್ಡು ಬರತೊಡಗಿದರೆ ಬ್ಯಾಂಕಿಗೆ ಅನುಮಾನ ಸಹಜ. ಎಬ್ಬಿಸಿದ ಖಾತೆಯ ಮೇಲೆ ಕನಿಷ್ಠ ಆರು ತಿಂಗಳು ವಿಶೇಷವಾಗಿ ಕಣ್ಣಿಡಬೇಕು ಎಂದು ನಿಯಮವೇ ಇದೆ. ಎಲ್ಲಿಂದ ಬರುತ್ತದೆ ಎಂದು ಮೊದಲೇ ಹೇಳಿದ್ದರೆ ಒಳ್ಳೆಯದು.

ಹಳೆಯ ಮೊಬೈಲ್ ಸಂಖ್ಯೆಯ ಸಾಲು ಅತಿ ಮುಖ್ಯವಾದದ್ದು ಎಂದು ನನ್ನ ಅಭಿಪ್ರಾಯ. ಬಳಸದೆ ಬಿಟ್ಟ ಸಿಮ್ಮಿನ ಸಂಖ್ಯೆಯನ್ನು ಕಂಪನಿಯವರು ಕೆಲವು ತಿಂಗಳ ನಂತರ ಬೇರೆಯವರಿಗೆ ಕೊಡುತ್ತಾರೆ. ಖಾತೆ ಎದ್ದು, ಹಳೆಯ ಸಂಖ್ಯೆ ಹಾಗೇ ಉಳಿದಿದ್ದರೆ ಒಟಿಪಿ ಹೋಗುವುದು ಯಾರೋ ಅಪರಿಚಿತರಿಗೆ. ಖಾತೆ ಮಲಗುತ್ತಿದೆ ಎಂದು ಬ್ಯಾಂಕ್ ಕಳಿಸಿರಬಹುದಾದ ಸಂದೇಶವೂ ನಮಗೆ ತಲುಪದೆ ಹೋದದ್ದು ಇದೇ ಕಾರಣಕ್ಕೆ ಇರಬೇಕು. ಸಂಖ್ಯೆ ಹಳೆಯದು, ವಿಳಾಸವೂ ಹಳೆಯದು.

ಜೆರಾಕ್ಸ್‌ಗಳ ಬಗ್ಗೆ ಒಂದು ಮಾತು. ಪ್ರತಿಯೊಂದರ ಮೇಲೂ ಅಡ್ಡಲಾಗಿ "ಖಾತೆ ಚಾಲನೆಗಾಗಿ ಮಾತ್ರ" ಎಂದು ಬರೆದು, ದಿನಾಂಕ ಹಾಕಿ ಸಹಿ ಮಾಡಿಸಿ. ಮೂಲ ಕಾರ್ಡ್‌ಗಳನ್ನು ತೋರಿಸಿ ವಾಪಸ್ ತನ್ನಿ, ಕೊಟ್ಟು ಬರಬೇಡಿ. ಪತ್ರದೊಳಗೆ ಆಧಾರ್ ಸಂಖ್ಯೆ ಪೂರ್ತಿ ಬರೆಯುವ ಅಗತ್ಯವಿಲ್ಲ, ಕೊನೆಯ ನಾಲ್ಕು ಅಂಕಿ ಸಾಕು.

ಇನ್ನು ಮೊಹರು. ಕೆವೈಸಿ ಕಾಗದಗಳೆಲ್ಲ ಪೂರ್ಣವಾಗಿರುವ ಅರ್ಜಿ ತಲುಪಿದ ಮೇಲೆ ಮೂರು ಕೆಲಸದ ದಿನಗಳಲ್ಲಿ ಖಾತೆ ಚಾಲನೆಗೆ ಬರಬೇಕು, ಇದಕ್ಕೆ ಶುಲ್ಕ ತೆಗೆದುಕೊಳ್ಳುವಂತಿಲ್ಲ, ಮಲಗಿದ್ದ ಕಾಲಕ್ಕೆ ಕನಿಷ್ಠ ಮೊತ್ತ ಇರಲಿಲ್ಲ ಎಂದು ದಂಡ ಹಾಕುವಂತಿಲ್ಲ. ಇದೂ ಅದೇ 2024ರ ಸೂಚನೆಯಲ್ಲಿದೆ. ಆದರೆ ಯಾವ ದಿನ ಕೊಟ್ಟೆವು ಎಂಬುದಕ್ಕೆ ನಮ್ಮ ಕೈಯಲ್ಲಿ ಏನೂ ಇಲ್ಲದಿದ್ದರೆ ಮೂರು ದಿನವನ್ನು ಎಲ್ಲಿಂದ ಎಣಿಸುವುದು? ನಮ್ಮ ಮೊದಲ ಪತ್ರ ಮೂರು ದಿನದ ಲೆಕ್ಕಕ್ಕೆ ಬರುವುದೇ ಇಲ್ಲ, ಏಕೆಂದರೆ ಅದು ಅಪೂರ್ಣ. ಎರಡನೆಯದಕ್ಕೆ ಜೂನ್ 5, ಗುರುವಾರ ಮೊಹರು ಬಿತ್ತು. ಶುಕ್ರವಾರ ಒಂದು. ಶನಿವಾರ 7ರಂದು ಬಕ್ರೀದ್ ರಜೆ, ಮರುದಿನ ಭಾನುವಾರ. ಸೋಮವಾರ ಎರಡು, ಮಂಗಳವಾರ ಮೂರು. ಅಮ್ಮಿ ಹಬ್ಬದ ಗಡಿಬಿಡಿಯಲ್ಲೂ ಫೋನ್ ನೋಡುತ್ತಿದ್ದರು. ಜೂನ್ 10ರ ಮಂಗಳವಾರ ಸಂಜೆ, ಕೊಟ್ಟ ಕಾಗದಗಳ ಆಧಾರದ ಮೇಲೆ ಖಾತೆ ಚಾಲನೆಗೆ ಬಂದಿದೆ ಎಂಬ ಸಂದೇಶ ಬಂತು. ಇಂಥ ಸಂದೇಶ ಬ್ಯಾಂಕ್ ಕಳಿಸಲೇಬೇಕು. ನೀವು ಕೇಳದೆಯೇ ಹೀಗೊಂದು ಸಂದೇಶ ಬಂದರೆ ಯಾರೋ ನಿಮ್ಮ ಹೆಸರಿನಲ್ಲಿ ಎಬ್ಬಿಸಿದ್ದಾರೆ ಎಂದರ್ಥ, ಆಗ ಕೂಡಲೇ ಶಾಖೆಗೆ ಓಡಬೇಕು.

ಸಂದೇಶ ಬರದೆ ಹೋಗಿದ್ದರೆ? ಮೊಹರು ಬಿದ್ದ ನಕಲಿನೊಂದಿಗೆ ಅದೇ ಬ್ಯಾಂಕಿಗೆ ಲಿಖಿತ ದೂರು ಕೊಡಬಹುದು. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು, ಖರ್ಚಿಲ್ಲ. ನಮಗೆ ಅದರ ಅಗತ್ಯ ಬೀಳಲಿಲ್ಲ.

ಕಾಯುತ್ತಿದ್ದ ದಿನಗಳಲ್ಲೇ ಅಬ್ಬುವಿನ ವಾಟ್ಸಾಪ್‌ಗೆ "ಕೆವೈಸಿ ಇಂದೇ ಮಾಡಿಸಿ, ಇಲ್ಲದಿದ್ದರೆ ಖಾತೆ ಬಂದ್" ಎಂದು ಒಂದು ಫೈಲ್ ಬಂತು, ಕೊನೆಯಲ್ಲಿ .apk ಎಂದಿತ್ತು. ಅವರು ಅಮ್ಮಿಯ ಅರ್ಜಿಗೇ ಬಂದ ಉತ್ತರ ಎಂದುಕೊಂಡು ಒತ್ತುವವರಿದ್ದರು. ಕೆವೈಸಿ ಫೈಲ್ ಕಳಿಸಿ ಇನ್‌ಸ್ಟಾಲ್ ಮಾಡಿ ಎಂದು ಯಾವ ಬ್ಯಾಂಕೂ ಹೇಳುವುದಿಲ್ಲ. ಯಾರಾದರೂ ಒತ್ತಿ ದುಡ್ಡು ಹೋಗಿದ್ದರೆ 1930ಕ್ಕೆ ತಡಮಾಡದೆ ಕರೆ ಮಾಡಿ.

ಖಾತೆ ಎದ್ದ ಮೇಲೆ ಆನ್‌ಲೈನ್ ತನ್ನಷ್ಟಕ್ಕೆ ತಾನೇ ಬರುವುದಿಲ್ಲ. ಬುಧವಾರ ಅಮ್ಮಿ ದಾವಣಗೆರೆ ಶಾಖೆಯಲ್ಲೇ 100 ರೂಪಾಯಿ ಕಟ್ಟಿದರು. ಹೀಗೆ ಒಂದು ವ್ಯವಹಾರ ಮಾಡಿ ಎಂದು ಹಲವು ಬ್ಯಾಂಕುಗಳಲ್ಲಿ ಹೇಳುತ್ತಾರೆ, ಮಾಡಿದರೆ ಎರಡು ವರ್ಷದ ಎಣಿಕೆಯೂ ಹೊಸದಾಗಿ ಶುರುವಾಗುತ್ತದೆ. ಹೊಸ ಮೊಬೈಲ್ ಸಂಖ್ಯೆ ಸೇರಿತೇ ಎಂದು ಅಲ್ಲೇ ಕೇಳಿ ಖಚಿತ ಮಾಡಿಕೊಂಡೆವು. ಆಮೇಲೆ ಯುಪಿಐ ಆ್ಯಪ್ ತೆರೆದರೆ ಈ ಸಲ ಖಾತೆ ಕಂಡಿತು. ಪಿನ್ ಇಡಲು ಎರಡು ದಾರಿ, ಡೆಬಿಟ್ ಕಾರ್ಡಿನ ವಿವರ ಅಥವಾ ಆಧಾರ್ ಒಟಿಪಿ. ಕಾರ್ಡ್ ಇನ್ನೂ ಬಂದಿರಲಿಲ್ಲ. ಆಧಾರ್ ದಾರಿ ನಡೆಯಬೇಕಾದರೆ ಆಧಾರ್‌ಗೆ ಜೋಡಿಸಿದ ಸಂಖ್ಯೆಯೂ ಬ್ಯಾಂಕಿನಲ್ಲಿರುವ ಸಂಖ್ಯೆಯೂ ಒಂದೇ ಇರಬೇಕು. ಅಮ್ಮಿಯದು ಒಂದೇ ಇತ್ತು. ನಿಮ್ಮ ಮನೆಯಲ್ಲಿ ಬೇರೆ ಬೇರೆ ಇದ್ದರೆ ಕಾರ್ಡ್ ಬರುವ ತನಕ ಕಾಯಬೇಕು. ಹೊಸದಾಗಿ ಎದ್ದ ಖಾತೆಗೆ ಕೆಲವು ದಿನ ವ್ಯವಹಾರದ ಸಂಖ್ಯೆ ಮತ್ತು ಮೊತ್ತಕ್ಕೆ ಮಿತಿ ಹಾಕುವ ಬ್ಯಾಂಕುಗಳೂ ಇವೆ, ಆಗ ಏನೋ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ದುಡ್ಡು ಪಡೆಯಲು ಪಿನ್ ಒತ್ತುವುದು ಬೇಕಿಲ್ಲ ಎಂದು ಅಮ್ಮಿಗೆ ಮೂರು ಸಲ ಹೇಳಿಕೊಟ್ಟಿದ್ದೇನೆ. ದುಡ್ಡು ಪಡೆಯುವ ಹೆಸರಿನಲ್ಲಿ ಪಿನ್ ಕೇಳಿತು ಎಂದರೆ ದುಡ್ಡು ಹೋಗುತ್ತಿದೆ ಎಂದೇ ಅರ್ಥ.

ನಮ್ಮ ಕೆಲಸ ಮುಗಿದ ಎರಡೇ ದಿನಕ್ಕೆ, ಜೂನ್ 12ರಂದು, ರಿಸರ್ವ್ ಬ್ಯಾಂಕ್ ಇದೇ ಸೂಚನೆಗೆ ತಿದ್ದುಪಡಿ ತಂದಿತು. ಯಾವ ಶಾಖೆಯಲ್ಲಾದರೂ ಎಂಬುದನ್ನು ಮತ್ತೆ ಹೇಳಿ, ಊರೂರಿನಲ್ಲಿರುವ ಬ್ಯಾಂಕ್ ಮಿತ್ರರ ಮೂಲಕವೂ ಕೆವೈಸಿ ಮಾಡಿಸಬಹುದು ಎಂದಿದೆ.

ಕೊನೆಗೆ ನಮ್ಮದೇ ಖಾತೆಗಳ ವಿಷಯ. ಪ್ರಾಥಮಿಕ ಶಾಲೆಯಲ್ಲಿದ್ದಾಗ ಅಲ್ಪಸಂಖ್ಯಾತರ ಪ್ರೀ ಮೆಟ್ರಿಕ್ ವಿದ್ಯಾರ್ಥಿವೇತನಕ್ಕಾಗಿ ನಮ್ಮಲ್ಲಿ ಎಷ್ಟೋ ಜನರ ಹೆಸರಿನಲ್ಲಿ ಖಾತೆ ತೆರೆದಿದ್ದರು. 2022ರಲ್ಲಿ ಕೇಂದ್ರ ಸರ್ಕಾರ ಒಂದರಿಂದ ಎಂಟನೇ ತರಗತಿಯವರಿಗೆ ಅದನ್ನು ನಿಲ್ಲಿಸಿತು. ದುಡ್ಡು ಬರುವುದು ನಿಂತಿತು, ಪಾಸ್‌ಬುಕ್ ಕಪಾಟು ಸೇರಿತು. ಸರ್ಕಾರದ ಯೋಜನೆಗಳಿಗೆ ಮತ್ತು ವಿದ್ಯಾರ್ಥಿವೇತನಕ್ಕೆ ತೆರೆದ ಶೂನ್ಯ ಮೊತ್ತದ ಖಾತೆಗಳನ್ನು ಬೇರೆಯಾಗಿ ಇಟ್ಟು, ಎರಡು ವರ್ಷದ ಕಾರಣಕ್ಕೆ ನಿಷ್ಕ್ರಿಯ ಮಾಡಬಾರದು ಎಂದು 2024ರ ಸೂಚನೆ ಹೇಳುತ್ತದೆ. ಆದರೂ ಕೆವೈಸಿ ಹಳೆಯದಾಗಿರುತ್ತದೆ. ಐದನೇ ತರಗತಿಯ ಫೋಟೊ, ಅಬ್ಬುವಿನ ಹಳೆಯ ನಂಬರ್. ಆಧಾರ್‌ನಲ್ಲಿ ಹದಿನೈದು ವರ್ಷಕ್ಕೆ ಮಾಡಿಸಬೇಕಾದ ಬೆರಳಚ್ಚು ಮಾಡಿಸದೆ ಬಿಟ್ಟವರಿದ್ದರೆ ಬ್ಯಾಂಕಿನ ಯಂತ್ರದ ಮುಂದೆ ಬೆರಳು ಹೊಂದುವುದಿಲ್ಲ, ಮೊದಲು ಆಧಾರ್ ಕೇಂದ್ರಕ್ಕೆ ಹೋಗಬೇಕು. ನಮಗೆ ಹದಿನೆಂಟು ತುಂಬಿದ ದಿನ ಇನ್ನೊಂದು ಕೆಲಸವಿದೆ. ಪೋಷಕರ ಸಹಿಯಿಂದ ನಡೆಯುವ ಖಾತೆಗೆ ಆಗ ನಮ್ಮದೇ ಹೊಸ ಸಹಿಯನ್ನು ಮಾದರಿಯಾಗಿ ಕೊಡಬೇಕು. ಯಾವ ಭಾಷೆಯಲ್ಲಿ ಮಾಡಿದರೂ ನಡೆಯುತ್ತದೆ, ಮುಂದೆಯೂ ಅದನ್ನೇ ಮಾಡುವಿರಾದರೆ.

ಪಾಸ್‌ಬುಕ್ ಮೇಲೆ ಬ್ಯಾಂಕಿನ ಹಳೆಯ ಹೆಸರಿದ್ದರೂ ಎಸೆಯಬೇಡಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿವೆ. ಅದೇ ಪಾಸ್‌ಬುಕ್ ಹಿಡಿದು ಈಗಿನ ಬ್ಯಾಂಕಿಗೆ ಹೋಗಿ. ಹತ್ತು ವರ್ಷ ಮುಟ್ಟದ ಖಾತೆಯ ದುಡ್ಡನ್ನು ಬ್ಯಾಂಕ್ ರಿಸರ್ವ್ ಬ್ಯಾಂಕಿನ ನಿಧಿಗೆ ಕಳಿಸುತ್ತದೆ, ಅದು ಮುಳುಗುವುದಿಲ್ಲ. udgam.rbi.org.in ನಲ್ಲಿ ಹೆಸರು ಹಾಕಿ ಹುಡುಕಬಹುದು, ಪಡೆಯಲು ಮಾತ್ರ ಅದೇ ಬ್ಯಾಂಕಿಗೆ ಹೋಗಿ ಇಂಥದ್ದೇ ಅರ್ಜಿ ಕೊಡಬೇಕು. ಹುಡುಕುವಾಗ "ಬಿ" ಎಂದೂ ಹಾಕಿ ನೋಡಿ, "ಬಾನು" ಎಂದೂ ಹಾಕಿ ನೋಡಿ.